ದೆಹಲಿಯ ಗೋದಾಮಿನಲ್ಲಿ ಮಂಗಳೂರಿನ ಗೋಡಂಬಿ

ಮಂಗಳೂರು ಕಡೆಯ ಗೋಡಂಬಿ ಕಾರ್ಖಾನೆಯೊಂದು ಫೆಬ್ರವರಿ ಕೊನೆಯಲ್ಲಿ 400 ಟಿನ್ ಗೋಡಂಬಿಯನ್ನು ಲಾರಿಗೆ ಹೇರಿ ದೆಹಲಿಯ ಖಾರಿ ಬಾವ್ಲಿ ಮಾರುಕಟ್ಟೆಯ ಕಮಿಷನ್ ಏಜೆಂಟರೊಬ್ಬರಿಗೆ ಕಳುಹಿಸಿತು ಎಂದಿಟ್ಟುಕೊಳ್ಳೋಣ. ಟಿನ್ನಿಗೆ 10 ಕಿಲೋ ತೂಕ. ವ್ಯಾಪಾರಿಗಳು ಡಬ್ಲ್ಯು 320 ಎಂದು ಕರೆಯುವ ದರ್ಜೆ, ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು ತೂಗುವಂಥದ್ದು. ಏಜೆಂಟರು ಅದನ್ನು ಕೊಂಡುಕೊಂಡಿಲ್ಲ. ತಮ್ಮ ಗೋದಾಮಿನಲ್ಲಿಟ್ಟು, ಗಿರಾಕಿ ಬಂದಾಗ ಮಾರಿ, ಕಮಿಷನ್ ಮುರಿದುಕೊಂಡು ಉಳಿದ ಹಣ ಕಳುಹಿಸುತ್ತೇವೆ ಎಂದು ಒಪ್ಪಿದ್ದಾರೆ. ಮಾರ್ಚ್ 31ರ ಸಂಜೆಗೆ 300 ಟಿನ್ ಮಾರಾಟವಾಗಿದೆ, 100 ಟಿನ್ ಉಳಿದಿದೆ. ಆ ನೂರು ಟಿನ್ ಇರುವುದು ಎರಡು ಸಾವಿರ ಕಿಲೋಮೀಟರಿಗೂ ಆಚೆ, ಬೇರೆಯವರ ಬೀಗದ ಒಳಗೆ. ಆದರೂ ಮಂಗಳೂರಿನ ಕಾರ್ಖಾನೆ ಅವನ್ನು ತನ್ನ ದಾಸ್ತಾನು ಎಂದೇ ಬರೆದುಕೊಳ್ಳಬೇಕು, ಏಜೆಂಟರು ಬರೆದುಕೊಳ್ಳಬಾರದು. ಕನ್ಸೈನ್‌ಮೆಂಟ್ ಲೆಕ್ಕದ ಈ ನಿಯಮವನ್ನು ವಾಣಿಜ್ಯ ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಯಾಕೆ ಹಾಗೆ ಎಂದು ಕೇಳುವವರು ಕಡಿಮೆ. ಮಾರದೆ ಉಳಿದ ಸರಕಿನ ಭಾರ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೋ ಅವರ ಪುಸ್ತಕದಲ್ಲೇ ಅದು ಇರಬೇಕು, ಬಿಲ್ಲು, ಮುಂಗಡ, ತೆರಿಗೆ ಯಾವುದೂ ಆ ಪ್ರಶ್ನೆಗೆ ಉತ್ತರವಾಗುವುದಿಲ್ಲ ಎಂಬುದು ಇಂದಿನ ನನ್ನ ವಾದ.

ಮೊದಲು ಕಾನೂನಿನ ನೆಲೆ ನೋಡೋಣ. 1872ರ ಭಾರತೀಯ ಕರಾರು ಕಾಯಿದೆಯ 182ನೇ ಕಲಮಿನ ಪ್ರಕಾರ ಏಜೆಂಟ್ ಎಂದರೆ ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ನೇಮಕಗೊಂಡವನು. ಗೋಡಂಬಿಯ ಏಜೆಂಟರು ಗಿರಾಕಿಯೊಂದಿಗೆ ವ್ಯವಹರಿಸುವುದು ಕಾರ್ಖಾನೆಯ ಪರವಾಗಿ. ಬೆಲೆ ಏರಿದರೆ ಲಾಭ ಕಾರ್ಖಾನೆಗೆ, ಇಳಿದರೆ ನಷ್ಟವೂ ಕಾರ್ಖಾನೆಗೆ. ಏಜೆಂಟರಿಗೆ ಮಾರಿದ್ದರ ಮೇಲೆ ಶೇಕಡಾ ಇಷ್ಟು ಎಂಬ ಕಮಿಷನ್ ಮಾತ್ರ. ಗೋದಾಮಿಗೆ ಬೆಂಕಿ ಬಿದ್ದು, ಏಜೆಂಟರ ಕಡೆಯಿಂದ ಅಜಾಗರೂಕತೆ ಇರಲಿಲ್ಲ ಎಂದಾದರೆ, ಸುಟ್ಟದ್ದು ಕಾರ್ಖಾನೆಯ ಗೋಡಂಬಿ. ಇದಕ್ಕಿಂತ ಕಟುವಾದ ಪರೀಕ್ಷೆ ಏಜೆಂಟರೇ ದಿವಾಳಿಯಾದಾಗ ಎದುರಾಗುತ್ತದೆ. ಏಜೆಂಟರದು ಒಂದು ಕಂಪನಿಯಾಗಿದ್ದರೆ ಅದಕ್ಕೆ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತದೆ. ಸಾಲಗಾರ ಕಂಪನಿಯ ವಶದಲ್ಲಿದ್ದರೂ ಮೂರನೆಯವರ ಒಡೆತನದಲ್ಲಿರುವ ಸ್ವತ್ತನ್ನು ಕಂಪನಿಯ ಆಸ್ತಿಯಲ್ಲಿ ಸೇರಿಸಬಾರದು ಎಂದು ಅದರ 18 ಮತ್ತು 36ನೇ ಕಲಮುಗಳು ಹೇಳುತ್ತವೆ. ಹಾಗಾಗಿ ಆ ನೂರು ಟಿನ್ನು ಕಾರ್ಖಾನೆಗೆ ಮರಳುತ್ತದೆ. ಅದೇ ಟಿನ್ನುಗಳನ್ನು ಉದ್ದರಿಯಲ್ಲಿ ಮಾರಿದ್ದರೆ ಕಾರ್ಖಾನೆ ಸಾಲ ಕೊಟ್ಟ ಉಳಿದವರ ಸಾಲಿನಲ್ಲಿ ನಿಂತು, ರೂಪಾಯಿಗೆ ಎಷ್ಟು ಪೈಸೆ ಸಿಗುತ್ತದೋ ಎಂದು ಕಾಯಬೇಕಾಗುತ್ತಿತ್ತು. ವಾಪಸು ತರಬಲ್ಲ ಸರಕಿಗೂ ವಸೂಲಿ ಮಾಡಬೇಕಾದ ಬಾಕಿಗೂ ಇರುವ ವ್ಯತ್ಯಾಸ ಇದು, ಮತ್ತು ಅಢಾವೆ ಪತ್ರಿಕೆಯಲ್ಲಿ ದಾಸ್ತಾನು ಬೇರೆ, ಬರಬೇಕಾದ ಬಾಕಿ ಬೇರೆ ಎಂದು ಬರೆಯುವುದರ ಅರ್ಥವೂ ಇದೇ.

ಇನ್ನು ಅಂಕಿಗಳಿಗೆ ಬರೋಣ. ಲೆಕ್ಕ ಸರಳವಾಗಲೆಂದು ತೆರಿಗೆಯನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಒಂದು ಟಿನ್ನಿಗೆ ಕಾರ್ಖಾನೆಯಲ್ಲಿ ತಗಲಿದ ಅಸಲು 6,000 ರೂಪಾಯಿ, 400 ಟಿನ್ನಿಗೆ 24 ಲಕ್ಷ. ಲಾರಿ ಬಾಡಿಗೆ, ದಾರಿಯ ವಿಮೆ ಸೇರಿ 40,000 ರೂಪಾಯಿಯನ್ನು ಕಾರ್ಖಾನೆ ಕೊಟ್ಟಿದೆ. ದೆಹಲಿಯಲ್ಲಿ ಲಾರಿಯಿಂದ ಇಳಿಸಿ ಗೋದಾಮಿಗೆ ಸಾಗಿಸಲು ಏಜೆಂಟರು 4,000 ರೂಪಾಯಿ ಹಮಾಲಿ ಕೊಟ್ಟಿದ್ದಾರೆ. ಗೋದಾಮಿನ ಬಾಡಿಗೆ 6,000. ಮಾರಿದ 300 ಟಿನ್ನಿಗೆ ತಲಾ 7,000ದಂತೆ 21 ಲಕ್ಷ ಬಂದಿದೆ. ಅದರ ಮೇಲೆ ಶೇಕಡಾ 2 ಕಮಿಷನ್. ಗಿರಾಕಿ ಹಣ ಕೊಡದಿದ್ದರೆ ತಾವೇ ತುಂಬಿಕೊಡುವ ಹೊಣೆ ಹೊತ್ತದ್ದಕ್ಕೆ ಇನ್ನೂ ಶೇಕಡಾ 1. ಈ ಎರಡನೆಯದನ್ನು ಲೆಕ್ಕದ ಪುಸ್ತಕಗಳು ಡೆಲ್ ಕ್ರೆಡೆರೆ ಕಮಿಷನ್ ಎನ್ನುತ್ತವೆ. ಎರಡೂ ಸೇರಿ 63,000. ಈ ವಿವರಗಳನ್ನೆಲ್ಲ ಏಜೆಂಟರು ಒಂದು ಮಾರಾಟ ಪಟ್ಟಿಯಲ್ಲಿ ಬರೆದು ಕಳುಹಿಸುತ್ತಾರೆ. ಕಾರ್ಖಾನೆಯ ಮಟ್ಟಿಗೆ ಮಾರಾಟಕ್ಕೆ ಆಧಾರ ಈ ಪಟ್ಟಿ. ಲಾರಿ ಹೊರಟ ದಿನದ ಪ್ರೊಫಾರ್ಮಾ ಇನ್‌ವಾಯ್ಸ್ ಅಲ್ಲ. ಆ ಇನ್‌ವಾಯ್ಸಿನಲ್ಲಿ 7,000 ಎಂದು ಬರೆದದ್ದು ಏಜೆಂಟರಿಗೆ ಬೆಲೆಯ ಅಂದಾಜು ಸಿಗಲಿ ಎಂದು ಮಾತ್ರ.

ಈಗ ನೂರು ಟಿನ್ನಿನ ಬೆಲೆ ಕಟ್ಟಬೇಕು. ಅಸಲು 6 ಲಕ್ಷ. ಸರಕನ್ನು ದೆಹಲಿಯ ಗೋದಾಮಿನ ಬಾಗಿಲವರೆಗೆ ಮುಟ್ಟಿಸಲು ಆದ ಖರ್ಚು 44,000; ಅದನ್ನು 400 ಟಿನ್ನಿಗೆ ಹಂಚಿದರೆ ಟಿನ್ನಿಗೆ 110, ನೂರಕ್ಕೆ 11,000. ಹಾಗಾಗಿ ಉಳಿದ ದಾಸ್ತಾನಿನ ಬೆಲೆ 6,11,000. ಗೋದಾಮು ಬಾಡಿಗೆಯನ್ನೂ ಕಮಿಷನ್ನನ್ನೂ ಇದಕ್ಕೆ ಸೇರಿಸುವುದಿಲ್ಲ, ಅವು ಈ ವರ್ಷದ ಖರ್ಚು. ಒಟ್ಟು ಲೆಕ್ಕ ಹೀಗೆ ನಿಲ್ಲುತ್ತದೆ: ಮಾರಿದ ಟಿನ್ನಿಗೆ 7,000 ಬಂತು, ತಗಲಿದ್ದು 6,110, ಉಳಿದದ್ದು 890. 300 ಟಿನ್ನಿಗೆ 2,67,000. ಅದರಲ್ಲಿ ಬಾಡಿಗೆ 6,000, ಕಮಿಷನ್ 63,000 ಕಳೆದರೆ ಲಾಭ 1,98,000. ದಾಸ್ತಾನನ್ನು ಲೆಕ್ಕಕ್ಕೆ ತರಲು ಗುಮಾಸ್ತರು ಮರೆತರೆ ಇದೇ ವ್ಯವಹಾರ 4,13,000 ರೂಪಾಯಿ ನಷ್ಟದಂತೆ ಕಾಣುತ್ತದೆ. ಸರಕು ಹೋದ ದಿನವೇ ಎಲ್ಲವೂ ಮಾರಾಟವಾಯಿತು ಎಂದು ಬರೆದರೆ ಲಾಭ 2,87,000 ಆಗಿ ಉಬ್ಬುತ್ತದೆ. ಉಬ್ಬಿದ 89,000 ಎಂದರೆ ಯಾರೂ ಕೊಳ್ಳದ ನೂರು ಟಿನ್ನಿನ ಮೇಲೆ ಕಟ್ಟಿದ ತಲಾ 890 ರೂಪಾಯಿಯ ಆಸೆ, ಮತ್ತೇನಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ, ಅದನ್ನು ಎತ್ತುವವರು ಲೆಕ್ಕ ಬಲ್ಲವರೇ. ಮಾರಾಟ ಮತ್ತು ವಿತರಣೆಯ ಖರ್ಚನ್ನು ದಾಸ್ತಾನಿನ ಬೆಲೆಗೆ ಸೇರಿಸಬಾರದು ಎಂದು ಲೆಕ್ಕದ ಮಾನದಂಡವೇ ಹೇಳುವಾಗ, ಮಂಗಳೂರಿನಿಂದ ದೆಹಲಿಗೆ ಹೋದ ಲಾರಿ ಬಾಡಿಗೆ ವಿತರಣೆಯ ಖರ್ಚಲ್ಲವೇ, ಅದನ್ನು ಹೇಗೆ ಸೇರಿಸಿದಿರಿ ಎಂದು ಅವರು ಕೇಳುತ್ತಾರೆ. ಆದರೆ ಅದೇ ಮಾನದಂಡ, ಅಂದರೆ ದಾಸ್ತಾನಿಗೆ ಸಂಬಂಧಿಸಿದ ಎ.ಎಸ್. 2, ಅಸಲನ್ನು ವಿವರಿಸುವಾಗ ಸರಕನ್ನು ಅದರ ಈಗಿನ ಸ್ಥಳಕ್ಕೂ ಈಗಿನ ಸ್ಥಿತಿಗೂ ತರಲು ಆದ ಖರ್ಚು ಎನ್ನುತ್ತದೆ. ಮಾರಿಹೋದ ಸರಕನ್ನು ಗಿರಾಕಿಯ ಬಾಗಿಲಿಗೆ ಮುಟ್ಟಿಸಿದರೆ ಅದು ವಿತರಣೆ. ಇನ್ನೂ ಮಾರದ, ಇನ್ನೂ ನಮ್ಮದೇ ಆದ ಸರಕನ್ನು ಒಂದು ಊರಿನಿಂದ ಮಾರಾಟವಾಗುವ ಊರಿಗೆ ಒಯ್ದರೆ ಅದು ಸ್ಥಳಕ್ಕೆ ತಂದ ಖರ್ಚು. ದೆಹಲಿಯಲ್ಲಿ 7,000 ಸಿಗುವುದು ಟಿನ್ನು ದೆಹಲಿಯಲ್ಲಿ ಇರುವುದರಿಂದ. ಆ ಬೆಲೆಯನ್ನು ಮುಂದಿನ ವರ್ಷ ಎಣಿಸಿಕೊಂಡು, ಅದಕ್ಕೆ ಕಾರಣವಾದ ಲಾರಿ ಬಾಡಿಗೆಯನ್ನು ಈ ವರ್ಷವೇ ನುಂಗಿಹಾಕುವುದು ಸರಿಯಲ್ಲ. ಗೋದಾಮು ಬಾಡಿಗೆಯ ಕಥೆ ಬೇರೆ. ಟಿನ್ನು ಮುಂದಿನ ತಿಂಗಳೂ ಅಲ್ಲೇ ಕೂತರೆ ಇನ್ನೊಂದು ತಿಂಗಳ ಬಾಡಿಗೆ ಬೀಳುತ್ತದೆ, ಗೋಡಂಬಿಯ ಬೆಲೆ ಒಂದು ಪೈಸೆಯೂ ಏರುವುದಿಲ್ಲ. ಬಾಡಿಗೆಯನ್ನು ಸೇರಿಸುತ್ತ ಹೋದರೆ ಮಾರಾಟವಾಗದೆ ಹಳತಾದ ಸರಕೇ ಪುಸ್ತಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸರಕಾಗಿಬಿಡುತ್ತದೆ. ಆದ್ದರಿಂದ ಗೋದಾಮಿನ ಬಾಗಿಲೇ ಗೆರೆ: ಅಲ್ಲಿಯವರೆಗಿನ ಖರ್ಚು ಒಳಗೆ, ಅಲ್ಲಿಂದ ಮುಂದಿನದು ಹೊರಗೆ. ಖರ್ಚನ್ನು ಕೊಟ್ಟವರು ಕಾರ್ಖಾನೆಯವರೋ ಏಜೆಂಟರೋ ಎಂಬುದು ಮುಖ್ಯವಲ್ಲ. ಏಜೆಂಟರ ಪಟ್ಟಿಯಲ್ಲಿ ಬಂತೆಂಬ ಒಂದೇ ಕಾರಣಕ್ಕೆ ಆ 4,000ದ ಹಮಾಲಿಯನ್ನು ಬಿಟ್ಟುಬಿಡುವುದು ವಿದ್ಯಾರ್ಥಿಗಳೂ ಗುಮಾಸ್ತರೂ ಸಮನಾಗಿ ಮಾಡುವ ತಪ್ಪು.

ಈ ಗೆರೆಗೂ ಒಂದು ಮಿತಿಯಿದೆ. ದೆಹಲಿಯಲ್ಲಿ ಕೊಳ್ಳುವವರಿಲ್ಲ ಎಂದು ನೂರು ಟಿನ್ನನ್ನು ಮಂಗಳೂರಿಗೆ ವಾಪಸು ತರಿಸಿದರೆ, ಹೋಗುವಾಗಿನ ಖರ್ಚು 11,000ವೂ ಬರುವಾಗಿನ ಖರ್ಚೂ ಯಾವ ಬೆಲೆಯನ್ನೂ ಕೂಡಿಸಲಿಲ್ಲ. ಎರಡನ್ನೂ ಖರ್ಚು ಹಾಕಿಬಿಡಬೇಕು. ಹಾಗೆಯೇ ಪೇಟೆ ಬಿದ್ದರೆ ಅಸಲು ಎಷ್ಟೇ ಇದ್ದರೂ ಕೈಗೆ ಬರುವುದನ್ನು ಮೀರಿ ಬರೆಯುವಂತಿಲ್ಲ. ಮಾರ್ಚ್ ಕೊನೆಗೆ ಟಿನ್ನಿಗೆ 5,800 ಮಾತ್ರ ಸಿಗುವ ಪರಿಸ್ಥಿತಿ ಬಂತೆನ್ನಿ. ಅದರಲ್ಲಿ ಶೇಕಡಾ 3 ಕಮಿಷನ್, ಅಂದರೆ 174 ಹೋದರೆ ನಿವ್ವಳ 5,626. ಆಗ ನೂರು ಟಿನ್ನಿನ ಬೆಲೆ 6,11,000 ಅಲ್ಲ, 5,62,600. ಉಳಿದ 48,400ವನ್ನು ಈ ವರ್ಷವೇ ನಷ್ಟವೆಂದು ಒಪ್ಪಿಕೊಳ್ಳಬೇಕು. ಕಮಿಷನ್ ಕಳೆಯುವುದನ್ನು ಇಲ್ಲಿ ಬಹಳ ಮಂದಿ ಮರೆಯುತ್ತಾರೆ. ಈ ನಷ್ಟ ಏಜೆಂಟರ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ ಎಂಬುದನ್ನೂ ಗಮನಿಸಿ. ಸರಕು ಬಂದ ದಿನ ಅವರು ಜಮಾ-ಖರ್ಚಿನ ಯಾವ ನಮೂದನ್ನೂ ಮಾಡಿಲ್ಲ, ಇಷ್ಟು ಟಿನ್ ಬಂತು ಎಂದು ಗೋದಾಮು ವಹಿಯಲ್ಲಿ ಗುರುತು ಹಾಕಿಕೊಂಡಿದ್ದಾರೆ ಅಷ್ಟೆ. ಬೆಲೆ ಬಿದ್ದಾಗ ನಿದ್ದೆಗೆಡುವವರು ಯಾರು ಎಂದು ನೋಡಿದರೆ ಸರಕು ಯಾರದೆಂದು ತಿಳಿಯುತ್ತದೆ.

ಇನ್ನೊಂದು ಆಕ್ಷೇಪ ಮುಂಗಡದ್ದು. ಏಜೆಂಟರು ಸರಕು ಬಂದ ಕೂಡಲೇ 8 ಲಕ್ಷ ರೂಪಾಯಿ ಮುಂಗಡ ಕಳುಹಿಸಿದ್ದಾರೆ, ಹಣ ಕೈಗೆ ಬಂದ ಮೇಲೂ ಮಾರಾಟವಾಗಿಲ್ಲ ಎನ್ನುವುದು ಹೇಗೆ? ಮುಂಗಡ ಕೊಟ್ಟ ಮಾತ್ರಕ್ಕೆ ಏಜೆಂಟರು ಸರಕಿನ ಒಡೆಯರಾಗುವುದಿಲ್ಲ. ಕರಾರು ಕಾಯಿದೆಯ 221ನೇ ಕಲಮು ಏಜೆಂಟರಿಗೆ, ತಮಗೆ ಬರಬೇಕಾದ ಕಮಿಷನ್ನೂ ಖರ್ಚೂ ತೀರುವವರೆಗೆ ಸರಕನ್ನು ತಡೆದಿಟ್ಟುಕೊಳ್ಳುವ ಹಕ್ಕು ಕೊಡುತ್ತದೆ. ತಡೆದಿಟ್ಟುಕೊಳ್ಳುವ ಹಕ್ಕು ಬೇಕಾಗುವುದು ಇನ್ನೊಬ್ಬರ ಸರಕಿನ ಮೇಲೆ. ತಮ್ಮದೇ ಸರಕನ್ನು ತಡೆದಿಟ್ಟುಕೊಳ್ಳಲು ಯಾರಿಗೂ ಕಾನೂನು ಬೇಕಿಲ್ಲ. 2018ರ ಏಪ್ರಿಲ್ 1ರಿಂದ ದೊಡ್ಡ ಕಂಪನಿಗಳಿಗೆ ಅನ್ವಯವಾದ ಇಂಡ್ ಎ.ಎಸ್. 115 ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿದೆ. ಗೊತ್ತುಪಡಿಸಿದ ಘಟನೆ ನಡೆಯುವವರೆಗೆ, ಉದಾಹರಣೆಗೆ ಗಿರಾಕಿಗೆ ಮಾರುವವರೆಗೆ, ಸರಕಿನ ಹಿಡಿತ ಕಳುಹಿಸಿದವರ ಬಳಿಯೇ ಇದೆಯೇ; ಅವರು ಅದನ್ನು ವಾಪಸು ಕೇಳಬಹುದೇ ಅಥವಾ ಬೇರೆಯವರಿಗೆ ಕೊಡು ಎನ್ನಬಹುದೇ; ಪಡೆದವರಿಗೆ ಏನೇ ಆದರೂ ಹಣ ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲವೇ ಎಂದು ನೋಡಲು ಅದು ಹೇಳುತ್ತದೆ. ಕೊನೆಯದರ ಜೊತೆಗೇ, ಠೇವಣಿ ಕೊಡಬೇಕಾಗಿದ್ದರೂ ಇದು ಬದಲಾಗುವುದಿಲ್ಲ ಎಂದು ಸೇರಿಸಿದೆ. ಆದ್ದರಿಂದ ಮುಂಗಡ ಬಂದ ದಿನ ಅದು ಕಾರ್ಖಾನೆಯ ಪುಸ್ತಕದಲ್ಲಿ ಹೊಣೆ. ಅದು ಸರಕಿನ ಭದ್ರತೆಗೆಂದು ಟಿನ್ನಿಗೆ 2,000ದಂತೆ ಕೊಟ್ಟದ್ದಾದರೆ, ಮಾರಿದ 300ಕ್ಕೆ ಸೇರಿದ 6 ಲಕ್ಷ ಮಾತ್ರ ವಜಾ ಆಗುತ್ತದೆ. 21 ಲಕ್ಷದಲ್ಲಿ ಹಮಾಲಿ, ಬಾಡಿಗೆ, ಕಮಿಷನ್ ಸೇರಿ 73,000 ಮತ್ತು ಆ 6 ಲಕ್ಷ ಹೋಗಿ 14,27,000 ಕಾರ್ಖಾನೆಗೆ ಬರಬೇಕು. ಉಳಿದ 2 ಲಕ್ಷ ಹೊಣೆಯಾಗಿಯೇ ಮುಂದುವರಿಯುತ್ತದೆ, ಅದರ ಎದುರಿಗೆ ಆಸ್ತಿಯ ಕಡೆ ನೂರು ಟಿನ್ನು ನಿಂತಿರುತ್ತದೆ.

ಡೆಲ್ ಕ್ರೆಡೆರೆ ಕಮಿಷನ್ ಪಡೆಯುವವರು ಅಪಾಯ ಹೊತ್ತಂತಾಯಿತಲ್ಲ ಎಂಬ ಮಾತಿಗೆ ಉತ್ತರ ಚಿಕ್ಕದು. ಅವರು ಹೊತ್ತದ್ದು ಮಾರಿದ ಮೇಲೆ ಹಣ ಬಾರದಿರುವ ಅಪಾಯ. ಮಾರಾಟವೇ ಆಗದಿರುವ ಅಪಾಯವನ್ನು ಅವರು ಹೊತ್ತಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ತೆರಿಗೆಯ ಕಡೆಯಿಂದ ಬರುತ್ತದೆ. ಅದು ಅರ್ಥವಾಗಲು ಹಿಂದಿನ ಕಥೆ ನೋಡಬೇಕು. 1956ರ ಕೇಂದ್ರ ಮಾರಾಟ ತೆರಿಗೆ ಕಾಯಿದೆಯ ಕಾಲದಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ಏಜೆಂಟರಿಗೆ ಕಳುಹಿಸಿದ್ದು ಮಾರಾಟವಲ್ಲ, ಆದ್ದರಿಂದ ಅಂತರರಾಜ್ಯ ಮಾರಾಟ ತೆರಿಗೆಯೂ ಇಲ್ಲ. ಈ ಸಂದಿನಲ್ಲಿ ನುಸುಳಿದವರು ಹಲವರು: ದೆಹಲಿಯ ಗಿರಾಕಿಯ ಆರ್ಡರು ಕೈಯಲ್ಲಿದ್ದರೂ ಸರಕನ್ನು ಏಜೆಂಟರ ಹೆಸರಿಗೆ ಕಳುಹಿಸಿ ಕನ್ಸೈನ್‌ಮೆಂಟ್ ಎಂದು ತೋರಿಸಿದರೆ ತೆರಿಗೆ ಉಳಿಯಿತು. ಇದನ್ನು ತಡೆಯಲು ಆ ಕಾಯಿದೆಗೆ 6ಎ ಕಲಮು ಸೇರಿತು. ನಿಜವಾಗಿ ಮಾರಾಟವಲ್ಲ ಎಂದು ರುಜುವಾತು ಮಾಡುವ ಹೊಣೆ ವ್ಯಾಪಾರಿಯ ಮೇಲೆ ಬಿತ್ತು, ಆ ಕಡೆಯ ಏಜೆಂಟರಿಂದ ಎಫ್ ಫಾರಂ ತರಿಸಬೇಕಾಯಿತು. 1982ರ ಸಂವಿಧಾನದ 46ನೇ ತಿದ್ದುಪಡಿ ಕನ್ಸೈನ್‌ಮೆಂಟಿನ ಮೇಲೆಯೇ ತೆರಿಗೆ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿತು. ಆದರೆ ಅಂಥ ತೆರಿಗೆಯನ್ನು ಸಂಸತ್ತು ಹಾಕಲೇ ಇಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಗೊಂದಲ ಬೇರೆ ರೀತಿಯಲ್ಲಿ ಮುಗಿಯಿತು. ಸಿ.ಜಿ.ಎಸ್.ಟಿ. ಕಾಯಿದೆಯ ಒಂದನೇ ಅನುಸೂಚಿಯ ಪ್ರಕಾರ, ಯಜಮಾನರ ಪರವಾಗಿ ಸರಕು ಪೂರೈಸುವ ಏಜೆಂಟರಿಗೆ ಯಜಮಾನರು ಸರಕು ಕಳುಹಿಸಿದರೆ, ಬೆಲೆ ಪಡೆಯದಿದ್ದರೂ ಅದು ಪೂರೈಕೆಯೇ. ಏಜೆಂಟರು ಗಿರಾಕಿಗೆ ತಮ್ಮ ಹೆಸರಿನಲ್ಲಿ ಬಿಲ್ಲು ಕೊಡುತ್ತಾರೋ ಯಜಮಾನರ ಹೆಸರಿನಲ್ಲೋ ಎಂಬುದೇ ಇದಕ್ಕೆ ಒರೆಗಲ್ಲು ಎಂದು 2018ರ ಸೆಪ್ಟೆಂಬರಿನ 57ನೇ ಸುತ್ತೋಲೆ ಸ್ಪಷ್ಟಪಡಿಸಿತು. ತಮ್ಮ ಹೆಸರಿನಲ್ಲಿ ಕೊಡುವುದಾದರೆ ಕಾರ್ಖಾನೆ ಲಾರಿ ಹೊರಟಾಗಲೇ ತೆರಿಗೆ ಬಿಲ್ಲು ಮಾಡಬೇಕು. ಸರ್ಕಾರವೇ ಪೂರೈಕೆ ಎಂದು ತೆರಿಗೆ ತೆಗೆದುಕೊಂಡ ಮೇಲೆ ಪುಸ್ತಕದಲ್ಲಿ ಮಾರಾಟವಲ್ಲ ಎಂದು ಹಟ ಹಿಡಿಯುವುದು ಯಾಕೆ ಎಂದು ವ್ಯಾಪಾರಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಉತ್ತರ ಆ ಅನುಸೂಚಿಯಲ್ಲೇ ಇದೆ. ಬೆಲೆ ಪಡೆಯದಿದ್ದರೂ ಪೂರೈಕೆ ಎಂದು ಕಾನೂನು ಹೇಳಬೇಕಾಗಿ ಬಂದದ್ದು, ಹೇಳದಿದ್ದರೆ ಅದು ಮಾರಾಟವಾಗಿ ನಿಲ್ಲುತ್ತಿರಲಿಲ್ಲ ಎಂಬ ಕಾರಣಕ್ಕೆ. ತೆರಿಗೆಯ ಸರಪಳಿ ತುಂಡಾಗದಿರಲಿ, ಏಜೆಂಟರಿಗೆ ಹೂಡುವಳಿ ತೆರಿಗೆಯ ಜಮೆ ಸಿಗಲಿ ಎಂಬುದು ಅಲ್ಲಿಯ ಉದ್ದೇಶ. ಲಾಭ ಬಂತೋ ಇಲ್ಲವೋ ಎಂಬುದು ಆ ಕಾಯಿದೆಯ ಚಿಂತೆಯಲ್ಲ. ಬೆಲೆ ಕಟ್ಟುವ ವಿಧಾನ ನೋಡಿದರೂ ಇದು ತಿಳಿಯುತ್ತದೆ. ಜಿ.ಎಸ್.ಟಿ. ನಿಯಮ 29ರ ಪ್ರಕಾರ ಪೇಟೆ ಬೆಲೆಯನ್ನು, ಅಥವಾ ಕಳುಹಿಸಿದವರು ಬಯಸಿದರೆ, ಏಜೆಂಟರು ಸಂಬಂಧವಿಲ್ಲದ ಗಿರಾಕಿಗೆ ಅಂಥದೇ ಸರಕನ್ನು ಮಾರುವ ಬೆಲೆಯ ಶೇಕಡಾ 90ನ್ನು ಹಾಕಬಹುದು. 7,000ದ ಶೇಕಡಾ 90ರಂತೆ 400 ಟಿನ್ನಿಗೆ 25,20,000. ಆ ಮೊತ್ತವನ್ನು ಕಾರ್ಖಾನೆಗೆ ಯಾರೂ ಕೊಟ್ಟಿಲ್ಲ, ಮುಂದೆ ಕೊಡುವುದೂ ಇಲ್ಲ. ತೆರಿಗೆ ಲೆಕ್ಕ ಹಾಕಲು ಒಪ್ಪಿಕೊಂಡ ಅಂಕಿ ಅದು. ಹೀಗಾಗಿ ಜಿ.ಎಸ್.ಟಿ. ರಿಟರ್ನಿನಲ್ಲಿ ವಹಿವಾಟು 25,20,000 ಇದ್ದರೆ ಲಾಭ-ನಷ್ಟ ಪತ್ರಿಕೆಯಲ್ಲಿ 21 ಲಕ್ಷ ಇರುತ್ತದೆ, ಮತ್ತು ಎರಡೂ ಸರಿ. ಈ ವ್ಯತ್ಯಾಸದ ನಿರೀಕ್ಷೆ ಇಲಾಖೆಗೂ ಇದೆ: ವಾರ್ಷಿಕ ತಾಳೆ ಪತ್ರವಾದ ಜಿ.ಎಸ್.ಟಿ.ಆರ್. 9ಸಿಯಲ್ಲಿ ಒಂದನೇ ಅನುಸೂಚಿಯ ಪೂರೈಕೆಗಳಿಗೆಂದೇ ಒಂದು ಸಾಲು ಇಟ್ಟಿದ್ದಾರೆ. ನಿಜವಾದ ತೊಂದರೆ ಕೆಳಗಿನ ಮಟ್ಟದಲ್ಲಿ ಹುಟ್ಟುತ್ತದೆ. ಕಂಪ್ಯೂಟರಿನ ಲೆಕ್ಕದ ತಂತ್ರಾಂಶದಲ್ಲಿ ತೆರಿಗೆ ಬಿಲ್ಲು ತೆಗೆದ ಕೂಡಲೇ ಮಾರಾಟದ ಖಾತೆಗೆ ಜಮಾ ಬೀಳುತ್ತದೆ, ದಾಸ್ತಾನು ಕಡಿಮೆಯಾಗುತ್ತದೆ. ಬಿಲ್ಲು ಮಾಡಿದ ಗುಮಾಸ್ತರದು ತಪ್ಪಲ್ಲ; ವರ್ಷಾಂತ್ಯದಲ್ಲಿ ಅದನ್ನು ತಿರುಗಿಸಿ ಬರೆಯಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಏಜೆಂಟರ ಕಡೆ ಅದೇ ಬಿಲ್ಲು ಖರೀದಿಯೆಂದು ಕೂರುತ್ತದೆ. ಹಾಗೆ ಕೂತ ನೂರು ಟಿನ್ನನ್ನು ಏಜೆಂಟರು ತಮ್ಮ ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯಲ್ಲೂ ತೋರಿಸಿದರೆ, ಕಾರ್ಖಾನೆಯೂ ತನ್ನ ಬ್ಯಾಂಕಿಗೆ ತೋರಿಸಿದ್ದರೆ, ಒಂದೇ ಗೋಡಂಬಿಯ ಮೇಲೆ ಎರಡು ಬ್ಯಾಂಕುಗಳು ಸಾಲ ಕೊಟ್ಟಂತಾಗುತ್ತದೆ.

ಇಷ್ಟೆಲ್ಲ ಯಾಕೆ, ಈ ವರ್ಷ ಹೆಚ್ಚು ಬರೆದ ಲಾಭ ಮುಂದಿನ ವರ್ಷ ಕಡಿಮೆಯಾಗಿ ಸರಿಹೋಗುತ್ತದಲ್ಲ ಎನ್ನುವವರೂ ಇದ್ದಾರೆ. ಅದಕ್ಕೆ ಅಮೆರಿಕದ ಔಷಧ ಕಂಪನಿ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್‌ನ ಪ್ರಕರಣ ಒಳ್ಳೆಯ ಉತ್ತರ. ಅಲ್ಲಿಯ ಷೇರುಪೇಟೆ ನಿಯಂತ್ರಣ ಆಯೋಗ 2004ರಲ್ಲಿ ಹೊರಿಸಿದ ಆರೋಪದ ಸಾರ ಇದು: 2000 ಮತ್ತು 2001ರಲ್ಲಿ ಪ್ರತಿ ತ್ರೈಮಾಸಿಕದ ಕೊನೆಗೆ ಗುರಿ ಮುಟ್ಟಲು ಬೇಕಾದಷ್ಟು ಔಷಧವನ್ನು ಕಂಪನಿ ತನ್ನ ಎರಡು ದೊಡ್ಡ ಸಗಟು ವ್ಯಾಪಾರಿಗಳ ಗೋದಾಮಿಗೆ ತುಂಬಿತು. ಅವರಿಗೆ ಅಷ್ಟು ಸರಕು ಬೇಕಿರಲಿಲ್ಲ. ಹಾಗಾಗಿ ಅದನ್ನು ಇಟ್ಟುಕೊಳ್ಳುವ ಖರ್ಚನ್ನು ತಾನೇ ಭರಿಸಿ, ಮಾರಾಟವಾಗುವವರೆಗೆ ಅವರ ಹೂಡಿಕೆಗೆ ಇಷ್ಟು ಪ್ರತಿಫಲ ಎಂದು ಖಾತರಿ ಕೊಟ್ಟಿತು. ಬಿಲ್ಲು ಇತ್ತು, ಸರಕು ಸಾಗಿತ್ತು, ಹಣವೂ ಬರುತ್ತಿತ್ತು. ಮಾರದೆ ಉಳಿದದ್ದರ ಭಾರ ಮಾತ್ರ ಕಂಪನಿಯ ಮೇಲೆಯೇ ಇತ್ತು. ಆದ್ದರಿಂದ ಅವು ಕನ್ಸೈನ್‌ಮೆಂಟ್, ಮಾರಾಟವೆಂದು ತೋರಿಸಿದ್ದು ತಪ್ಪು ಎಂದು ಆಯೋಗ ಹೇಳಿತು. ಹಾಗೆ ತಪ್ಪಾಗಿ ತೋರಿಸಿದ ಆದಾಯ ಸುಮಾರು 150 ಕೋಟಿ ಡಾಲರ್. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, ಕಂಪನಿ 15 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡಿತು. ಮುಂದಿನ ಅವಧಿಯಲ್ಲಿ ಸರಿಹೋಗುತ್ತದೆ ಎನ್ನುವುದು ಒಮ್ಮೆ ಮಾತ್ರ ಮಾಡಿ ನಿಲ್ಲಿಸಿದರೆ ನಿಜ. ಮುಂದಿನ ತ್ರೈಮಾಸಿಕದ ಮಾರಾಟವನ್ನು ಈಗಲೇ ಎಳೆದು ತಂದವರಿಗೆ ಮುಂದಿನ ತ್ರೈಮಾಸಿಕದಲ್ಲಿ ಕೊರತೆ ಬೀಳುತ್ತದೆ, ಅದನ್ನು ಮುಚ್ಚಲು ಇನ್ನೂ ಹೆಚ್ಚು ತುಂಬಬೇಕಾಗುತ್ತದೆ. ನಮ್ಮ ಎಫ್ ಫಾರಂ ಕಾಲದ ವ್ಯಾಪಾರಿ ಮಾರಾಟವನ್ನು ಕನ್ಸೈನ್‌ಮೆಂಟ್ ಎಂದು ವೇಷ ಹಾಕಿಸಿದರೆ, ಇಲ್ಲಿ ಕನ್ಸೈನ್‌ಮೆಂಟಿಗೆ ಮಾರಾಟದ ವೇಷ ಹಾಕಿದ್ದರು. ದಿಕ್ಕು ವಿರುದ್ಧ, ಎರಡನ್ನೂ ಹಿಡಿದುಕೊಟ್ಟ ಪ್ರಶ್ನೆ ಮಾತ್ರ ಒಂದೇ.

ಸರಕು ಬೇರೆಯವರ ಬೀಗದೊಳಗಿದೆ ಎಂಬ ತೊಡಕನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಕಣ್ಣಿಗೆ ಕಾಣದ ದಾಸ್ತಾನನ್ನು ಪುಸ್ತಕದಲ್ಲಿಟ್ಟುಕೊಂಡವರಿಗೆ ಮೋಸ ಹೋಗುವ ಅವಕಾಶ ಹೆಚ್ಚು. ಮಾಮೂಲಿ ಮೋಸ ಏನೆಂದರೆ, ಏಜೆಂಟರು ಟಿನ್ನನ್ನು ಮಾರ್ಚಿನಲ್ಲೇ ಮಾರಿರುತ್ತಾರೆ, ಪಟ್ಟಿಯನ್ನು ಮೇ ತಿಂಗಳಲ್ಲಿ ಕಳುಹಿಸುತ್ತಾರೆ, ನಡುವಿನ ಎರಡು ತಿಂಗಳು ಕಾರ್ಖಾನೆಯ ಹಣದಲ್ಲಿ ತಮ್ಮ ವ್ಯಾಪಾರ ನಡೆಸುತ್ತಾರೆ. ಆಗ ದಾಸ್ತಾನು ಎಂದು ಬರೆದದ್ದು ನಿಜವಾಗಿ ಬಾಕಿ. ಯಜಮಾನರ ಒಪ್ಪಿಗೆಯಿಂದ ಸರಕು ಇಟ್ಟುಕೊಂಡ ಇಂಥ ಏಜೆಂಟರಿಂದ ಒಳ್ಳೆಯ ನಂಬಿಕೆಯಲ್ಲಿ ಕೊಂಡ ಗಿರಾಕಿಗೆ 1930ರ ಸರಕು ಮಾರಾಟ ಕಾಯಿದೆಯ 27ನೇ ಕಲಮು ರಕ್ಷಣೆ ಕೊಡುವುದರಿಂದ, ಆ ಟಿನ್ನುಗಳನ್ನು ಬೆನ್ನಟ್ಟಿ ಹೋಗುವಂತೆಯೂ ಇಲ್ಲ. ಇದನ್ನು ಪತ್ತೆ ಹಚ್ಚುವ ದಾರಿಗಳಿವೆ. ಟಿನ್ನಿನ ಮೇಲೆ ಬ್ಯಾಚ್ ನಂಬರು ಇರುತ್ತದೆ. ವರ್ಷಾಂತ್ಯಕ್ಕೆ ಉಳಿದಿದೆ ಎಂದ ಬ್ಯಾಚು ಏಪ್ರಿಲ್ ಮೊದಲ ವಾರದ ಯಾವುದಾದರೂ ದೂರಿನಲ್ಲೋ ವಾಪಸಾತಿಯಲ್ಲೋ ಕಾಣಿಸಿಕೊಂಡರೆ ಅದು ಮಾರ್ಚಿನಲ್ಲೇ ಹೋಗಿರುವ ಸಾಧ್ಯತೆ ಹೆಚ್ಚು. ಒಬ್ಬ ಏಜೆಂಟರಲ್ಲಿ ಮಾತ್ರ ಪ್ರತಿ ಮಾರ್ಚಿನಲ್ಲೂ ಸರಕು ನಿಧಾನವಾಗಿ ಮಾರಾಟವಾಗಿ ಏಪ್ರಿಲಿನಲ್ಲಿ ಚುರುಕಾದರೆ ಪೇಟೆಯನ್ನು ದೂರುವ ಮುನ್ನ ಪಟ್ಟಿಯ ತಾರೀಕುಗಳನ್ನು ಗಿರಾಕಿ ಬಿಲ್ಲುಗಳ ತಾರೀಕಿನೊಂದಿಗೆ ಹೋಲಿಸಬೇಕು. ಲೆಕ್ಕಪರಿಶೋಧಕರಿಗೂ ಇದು ವಿಧಿಸಿದ ಕೆಲಸವೇ: ಮೂರನೆಯವರ ವಶದಲ್ಲಿರುವ ದಾಸ್ತಾನು ಗಮನಾರ್ಹವಾಗಿದ್ದರೆ ಅವರಿಂದ ನೇರವಾಗಿ ದೃಢೀಕರಣ ತರಿಸಬೇಕು, ಅಥವಾ ಹೋಗಿ ನೋಡಬೇಕು ಎಂದು ಅವರ ಮಾನದಂಡ ಎಸ್.ಎ. 501 ಹೇಳುತ್ತದೆ.

ಏಜೆಂಟರಲ್ಲಿ ಸರಕು ಇಟ್ಟಿರುವ ಸಣ್ಣ ಉದ್ಯಮಿಗಳು ಯಾರಾದರೂ ಇದನ್ನು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಮಾರ್ಚ್ 31ಕ್ಕೆ ಎಷ್ಟು ಉಳಿದಿದೆ ಎಂದು ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಬ್ಯಾಚ್ ನಂಬರುಗಳ ಸಮೇತ, ಇದು ನಿಮ್ಮ ಸರಕು, ನಮ್ಮ ವಶದಲ್ಲಿದೆ ಎಂಬ ಮಾತಿನೊಂದಿಗೆ, ಏಜೆಂಟರ ಸಹಿ ಇರುವ ಕಾಗದ ತರಿಸಿಕೊಳ್ಳಿ. ಅದೇ ಕಾಗದದ ಒಂದು ಪ್ರತಿಯನ್ನು ನಿಮ್ಮ ಲೆಕ್ಕಪರಿಶೋಧಕರಿಗೆ, ಇನ್ನೊಂದನ್ನು ನಿಮ್ಮ ಬ್ಯಾಂಕಿಗೆ ಕೊಡಿ. ಏಜೆಂಟರು ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಮುಂದಿನ ಲಾರಿಯನ್ನು ಕಳುಹಿಸಬೇಡಿ.